ಲಾಭ ಸೋರಿದ್ದು ಎಲ್ಲಿ?

ಕನ್ಸಲ್ಟಿಂಗ್ ಕಂಪನಿಗಳ ಕೇಸ್ ಇಂಟರ್‌ವ್ಯೂನಲ್ಲಿ ಇಂಥ ಪ್ರಶ್ನೆ ಬರುತ್ತದೆ: ಒಂದು ದರ್ಶಿನಿಯ ತಿಂಗಳ ಲಾಭ 3 ಲಕ್ಷದಿಂದ 2 ಲಕ್ಷಕ್ಕೆ ಇಳಿದಿದೆ, ಯಾಕೆ? ಥಟ್ಟನೆ ಕಾರಣ ಹೇಳುವ ಬದಲು ಹಾಳೆಯ ಮೇಲೊಂದು ಮರ ಬಿಡಿಸಿ. ಲಾಭಕ್ಕೆ ಎರಡು ಕೊಂಬೆ: ಆದಾಯ, ಖರ್ಚು. ಆದಾಯವನ್ನು ಗಿರಾಕಿಗಳ ಸಂಖ್ಯೆ, ತಲಾ ಬಿಲ್ ಎಂದೂ ಖರ್ಚನ್ನು ಬಾಡಿಗೆ, ಸಂಬಳ, ದಿನಸಿ ಮತ್ತು ಇತರೆ ಎಂದೂ ಒಡೆಯಿರಿ.

ಈಗ ಅಂಕಿ ಕೇಳಿ. ಗಿರಾಕಿ, ಬಿಲ್ ಎರಡೂ ಬದಲಾಗಿಲ್ಲ. ದಿನಸಿ ಖರ್ಚು ಮಾತ್ರ 1 ಲಕ್ಷ ಏರಿದೆ. ಇಲ್ಲೊಂದು ಊಹೆ ಮುಂದಿಡಿ: ದಿನಸಿ ದುಬಾರಿಯಾಗಿರಬೇಕು. ಖರೀದಿ ಬಿಲ್ಲುಗಳನ್ನು ನೋಡಿದರೆ ಕಿಲೋ ದರ ಹಾಗೇ ಇದೆ, ತರಿಸಿದ ಪ್ರಮಾಣ ಹೆಚ್ಚಿದೆ. ಊಹೆ ಬಿದ್ದುಹೋಯಿತು. ಗಿರಾಕಿ ಅಷ್ಟೇ ಇದ್ದೂ ಅಕ್ಕಿ, ಉದ್ದು ಹೆಚ್ಚು ಬೇಕಾಗಿದ್ದರೆ ಮುಂದಿನ ಊಹೆ ಅಡುಗೆಮನೆಯ ಪೋಲು. ಹಲವರು ಎಡವುವುದು ಇಲ್ಲೇ: ಬಿದ್ದ ಊಹೆಗೇ ಜೋತುಬೀಳುತ್ತಾರೆ.