ಒಂದು ಡಿಎಲ್ಎಲ್ ಕಾಣೆಯಾಗಿದೆ ಅಂದ್ರೆ, ಅದೊಂದನ್ನೇ ತಂದು ಹಾಕಬೇಡಿ

ತಿಪಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನನ್ನ ಚಿಕ್ಕಪ್ಪನ ಮಗ ಮೊನ್ನೆ ರಾತ್ರಿ ಫೋನ್ ಮಾಡಿದ. ಮದುವೆ ಆಲ್ಬಮ್ ಮರುದಿನ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಹೊಸ ಕಂಪ್ಯೂಟರಿನಲ್ಲಿ ಆಲ್ಬಮ್ ಸಾಫ್ಟ್‌ವೇರ್ ತೆರೆಯೋಕೆ ಹೋದ್ರೆ `MSVCP140.dll was not found` ಅಂತ ಬರುತ್ತಿತ್ತಂತೆ. ಆ ಹೆಸರನ್ನೇ ಹುಡುಕಿ, ಮೊದಲು ಸಿಕ್ಕ ವೆಬ್‌ಸೈಟಿನಿಂದ ಫೈಲ್ ಇಳಿಸಿ `System32` ಫೋಲ್ಡರಿಗೆ ಹಾಕಿದ್ದಾನೆ. ಈಗ ದೂರು ಬದಲಾಗಿದೆ: `0xc000007b`.

‘ಅಣ್ಣಾ, ಫೈಲ್ ಇದೆ, ಆದ್ರೂ ಓಪನ್ ಆಗ್ತಿಲ್ಲ!’

ಆ ಫೈಲ್ ಸಾಫ್ಟ್‌ವೇರಿನ ಸ್ವಂತದ್ದಲ್ಲ. ಮೈಕ್ರೋಸಾಫ್ಟಿನ ವಿಷುಯಲ್ ಸಿ++ ಬಳಸಿ ಬರೆದ ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಾಮಾನು ಅದು. ಸಾಮಾನ್ಯವಾಗಿ ಸಾಫ್ಟ್‌ವೇರಿನ ಇನ್‌ಸ್ಟಾಲರ್ ಇದನ್ನೂ ಜತೆಗೆ ಹಾಕಿಬಿಡುತ್ತದೆ. ಇವನು ಇನ್‌ಸ್ಟಾಲ್ ಮಾಡದೆ ಹಳೇ ಕಂಪ್ಯೂಟರಿನ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ತಂದಿದ್ದ. ಪ್ರೋಗ್ರಾಮ್ ಬಂತು, ಸಾಮಾನು ಹಳೇ ಮನೆಯಲ್ಲೇ ಉಳೀತು.

ಹಾಗಾದರೆ ಇಳಿಸಿದ ಫೈಲ್ ಯಾಕೆ ನಡೆಯಲಿಲ್ಲ? ಒಂದೇ ಹೆಸರಿನ ಈ ಫೈಲಿಗೆ 32-ಬಿಟ್, 64-ಬಿಟ್ ಎಂಬ ಎರಡು ರೂಪಗಳಿವೆ. ಅವನ ಸಾಫ್ಟ್‌ವೇರ್ 64-ಬಿಟ್, ಸಿಕ್ಕ ಫೈಲ್ 32-ಬಿಟ್. `0xc000007b` ಹೆಚ್ಚಾಗಿ ಹೇಳುವುದು ಈ ಬೆರಕೆಯನ್ನೇ. ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ: 64-ಬಿಟ್ ವಿಂಡೋಸಿನಲ್ಲಿ `System32` ಇರುವುದು 64-ಬಿಟ್ ಫೈಲುಗಳಿಗೆ, 32-ಬಿಟ್ ಫೈಲುಗಳ ಜಾಗ `SysWOW64`. ಹೆಸರು ನೋಡಿದರೆ ಯಾರಾದರೂ ಉಲ್ಟಾ ಅಂದುಕೊಳ್ಳುತ್ತಾರೆ.

ರೂಪ ಸರಿಯಿದ್ದರೂ ಮುಗಿಯುವುದಿಲ್ಲ. ಈ ಫೈಲಿಗೆ `VCRUNTIME140.dll`, `VCRUNTIME140_1.dll` ಎಂಬ ಜತೆಗಾರರು ಬೇಕು, ಎಲ್ಲವೂ ಹೊಂದುವ ಆವೃತ್ತಿಯವಾಗಿರಬೇಕು. ಅವನ್ನೆಲ್ಲ ಒಟ್ಟಿಗೆ ತರುವುದೇ ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜು. ಜತೆಗೆ, ಯಾರೋ ಅಪರಿಚಿತರು ಕೊಟ್ಟ ಡಿಎಲ್ಎಲ್ ಅಂದರೆ ನಿಮ್ಮ ಪ್ರೋಗ್ರಾಮಿನ ಒಳಗೇ ಓಡುವ ಕೋಡ್. ಗ್ರಾಹಕರ ಫೋಟೋ, ಬ್ಯಾಂಕ್ ಪಾಸ್‌ವರ್ಡ್ ಇರುವ ಕಂಪ್ಯೂಟರಿನಲ್ಲಿ ಅದು ಏನು ಮಾಡುತ್ತೆ ಅಂತ ಹೇಳೋರು ಯಾರು?

ನಾವು ಮೊದಲು ಮಾಡಿದ್ದು, ಅವನು ಹಾಕಿದ್ದ ಫೈಲನ್ನು ಅಳಿಸಿದ್ದು. ಬಿಟ್ಟರೆ ತೊಂದರೆ: ಆ ಫೈಲ್ ಪ್ರೋಗ್ರಾಮಿನ ಫೋಲ್ಡರಿನಲ್ಲೇ ಇದ್ದಿದ್ದರೆ, ಸರಿಯಾದ ಪ್ಯಾಕೇಜ್ ಹಾಕಿದ ಮೇಲೂ ವಿಂಡೋಸ್ ಮೊದಲು ಅದನ್ನೇ ಎತ್ತಿಕೊಳ್ಳುತ್ತಿತ್ತು. ಆಮೇಲೆ ಮೈಕ್ರೋಸಾಫ್ಟಿನ ತಾಣದಿಂದಲೇ `vc_redist.x64.exe` ಮತ್ತು `vc_redist.x86.exe` ಎರಡನ್ನೂ ಇಳಿಸಿ ಓಡಿಸಿದೆವು. ವಿಂಡೋಸ್ 64-ಬಿಟ್ ಆಗಿದ್ದರೂ 32-ಬಿಟ್ ಪ್ರೋಗ್ರಾಮುಗಳಿಗೆ `x86` ಬೇಕೇ ಬೇಕು. ರೀಸ್ಟಾರ್ಟ್ ಮಾಡಿದ ಮೇಲೆ ಆಲ್ಬಮ್ ತೆರೆಯಿತು.

ಯಾವ ಪ್ಯಾಕೇಜ್ ಅಂತ ಸಂಖ್ಯೆಯೇ ಹೇಳುತ್ತದೆ. 140 ಅಂದರೆ 2015ರಿಂದ ಈಚೆಗಿನದು, 120 ಅಂದರೆ 2013ರದ್ದು, 100 ಅಂದರೆ 2010ರದ್ದು. ಹೊಸದು ಹಾಕಿದರೆ ಹಳೆಯದರ ಕೆಲಸ ಆಗುವುದಿಲ್ಲ, ಹಾಗಾಗಿ ಪಟ್ಟಿಯಲ್ಲಿರುವ ಹಳೆಯವನ್ನು ಕಸ ಅಂತ ತೆಗೆಯಬೇಡಿ. ಕಾಣೆಯಾದ ಫೈಲ್ ಆ ಸಾಫ್ಟ್‌ವೇರಿನದೇ ಆಗಿದ್ದರೆ ಮಾತ್ರ ಈ ಪ್ಯಾಕೇಜುಗಳಿಂದ ಪ್ರಯೋಜನವಿಲ್ಲ. ಸಾಫ್ಟ್‌ವೇರನ್ನೇ ಅದರ ಮೂಲ ಇನ್‌ಸ್ಟಾಲರಿನಿಂದ ಮತ್ತೆ ಹಾಕಬೇಕು.