ಎರಡನೇ ಮಳಿಗೆಯೋ, ಆನ್‌ಲೈನ್ ಮಾರಾಟವೋ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಕಾರುಗಳು ಚನ್ನಪಟ್ಟಣದ ಒಳಗೆ ಬರುವುದು ಕಡಿಮೆಯಾಯಿತು. ಹಳೇ ಹೆದ್ದಾರಿಯ ಬದಿಯ ಗೊಂಬೆ ಅಂಗಡಿಗಳಿಗೆ ದಾರಿಹೋಕರೇ ಗಿರಾಕಿಗಳು. ಬೈಪಾಸ್ ಆ ಗಿರಾಕಿಗಳನ್ನು ಊರಾಚೆಯಿಂದಲೇ ದಾಟಿಸಿಬಿಟ್ಟಿತು. ಅಂಥ ಒಂದು ಅಂಗಡಿಯ ಕಥೆ ಇದು. ಅಂಗಡಿಯೂ ಇಲ್ಲಿನ ದರಗಳೂ ಉದಾಹರಣೆಗಾಗಿ ಕಟ್ಟಿದವು; ಲೆಕ್ಕ ಹಾಕುವ ಕ್ರಮ ಮಾತ್ರ ಯಾವ ಅಂಗಡಿಗೂ ಹೊಂದುತ್ತದೆ.

ಅಂಗಡಿಯ ಯಜಮಾನರಿಗೆ ಬಾಮೈದ ಮೈಸೂರಿನಲ್ಲೊಂದು ಮಳಿಗೆ ನೋಡಿಕೊಂಡು ಬಂದ. “ಭಾವ, ಟೂರಿಸ್ಟುಗಳು ಓಡಾಡೋ ಬೀದಿ. ಬಾಡಿಗೆ 22,000. ಬಿಟ್ರೆ ಸಿಗಲ್ಲ.” ಬಿ.ಕಾಂ. ಓದುತ್ತಿದ್ದ ಮಗಳು ಒಪ್ಪಲಿಲ್ಲ. “ಅಪ್ಪ, ಅಷ್ಟು ದುಡ್ಡು ಸುರಿಯೋ ಬದಲು ಆನ್‌ಲೈನ್‌ನಲ್ಲಿ ಹಾಕೋಣ.” ಯಜಮಾನರು ಇಬ್ಬರಿಗೂ ಹೇಳಿದ್ದು ಒಂದೇ ಮಾತು: “ಲೆಕ್ಕ ಬರ್ಕೊಂಡು ಬನ್ನಿ.”

ಮಳಿಗೆಯ ಲೆಕ್ಕ ಸರಳವಾಗಿತ್ತು. ಬಾಡಿಗೆ 22,000, ಹುಡುಗನ ಸಂಬಳ 14,000, ಕರೆಂಟು ಇತ್ಯಾದಿ 4,000 ಸೇರಿ ತಿಂಗಳಿಗೆ 40,000 ರೂಪಾಯಿ. 300ಕ್ಕೆ ಕೊಂಡ ಗೊಂಬೆ 500ಕ್ಕೆ ಹೋಗುತ್ತದೆ, ಅಂದರೆ ನೂರು ರೂಪಾಯಿ ವ್ಯಾಪಾರದಲ್ಲಿ ನಲವತ್ತು ಉಳಿಯುತ್ತದೆ. ಹಾಗಾದರೆ 40,000 ಹುಟ್ಟಬೇಕಾದರೆ ತಿಂಗಳಿಗೆ ಒಂದು ಲಕ್ಷದ ವ್ಯಾಪಾರ ಆಗಬೇಕು. ದಿನಕ್ಕೆ ಸುಮಾರು 3,300 ರೂಪಾಯಿ ಗಲ್ಲಾಕ್ಕೆ ಬಿದ್ದರೂ ಲಾಭ ಸೊನ್ನೆ. ಅಡ್ವಾನ್ಸು ಮತ್ತು ಹೊಸದಾಗಿ ತುಂಬಬೇಕಾದ ಸರಕಿಗೆ ಹೂಡುವ ಹಣದ ಬಡ್ಡಿ ಇದರಲ್ಲಿ ಸೇರಿಲ್ಲ. ದಸರೆಯಲ್ಲಿ, ಬೇಸಿಗೆ ರಜೆಯಲ್ಲಿ ಈ ವ್ಯಾಪಾರ ಕಷ್ಟವಲ್ಲ. ಆದರೆ ಜಡಿಮಳೆಯ ತಿಂಗಳಲ್ಲಿ ಗಿರಾಕಿ ಬರದಿದ್ದರೂ ಬಾಡಿಗೆ ನಿಲ್ಲುವುದಿಲ್ಲ.

ಮಗಳ ಲೆಕ್ಕದಲ್ಲಿ ಬಾಡಿಗೆಯಿರಲಿಲ್ಲ. ಆದರೆ ಅಲ್ಲಿ ಪ್ರತಿ ಆರ್ಡರೂ ತನ್ನ ಪಾಲನ್ನು ಕಿತ್ತುಕೊಳ್ಳುತ್ತಿತ್ತು. 500ರ ಗೊಂಬೆಗೆ ಕಮಿಷನ್ ಮತ್ತು ಇತರ ಶುಲ್ಕ 60, ಸಾಗಣೆ 70, ಈ ಎರಡರ ಮೇಲೆ ಶೇ. 18 ಜಿಎಸ್‌ಟಿ 23, ಡಬ್ಬಿ 20. ಒಟ್ಟು 173 ಹೋಗಿ 200ರಲ್ಲಿ ಉಳಿದದ್ದು 27 ರೂಪಾಯಿ. ಹತ್ತರಲ್ಲೊಂದು ವಾಪಸ್ ಬಂದರೆ ಹೋಗಿಬರುವ ಖರ್ಚಿಗೇ ಸುಮಾರು 200 ಕೈಬಿಡುತ್ತದೆ. ಉಳಿದ ಒಂಬತ್ತರಿಂದ ಬರುವುದು 243. ಹತ್ತು ಆರ್ಡರಿಗೆ ಪಟ್ಟ ಪಾಡಿಗೆ ನಲವತ್ತು ಚಿಲ್ಲರೆ!

ಇನ್ನೊಂದು ಪೆಟ್ಟು ಡಬ್ಬಿಯದು. ಅರಗಿನ ಬಣ್ಣ ಹಚ್ಚಿದ ಆಲೆಮರದ ಗೊಂಬೆ ಹಗುರ, ಆದರೆ ಜಾಗ ತಿನ್ನುತ್ತದೆ. ಬಹುತೇಕ ಕೊರಿಯರ್ ಕಂಪನಿಗಳು ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತವೆ. ಆ ಲೆಕ್ಕ, ನಿಜವಾದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. 30, 25, 20 ಸೆಂ.ಮೀ. ಅಳತೆಯ ಡಬ್ಬಿಯಲ್ಲಿ 600 ಗ್ರಾಮಿನ ಗೊಂಬೆಯಿಟ್ಟರೆ ಮೂರು ಕೆ.ಜಿ. ದರ ತೆರಬೇಕು. ಅದನ್ನೇ 24, 15, 10ರ ಡಬ್ಬಿಗೆ ಬಿಗಿಯಾಗಿ ಕೂರಿಸಿದರೆ ಮುಕ್ಕಾಲು ಕೆ.ಜಿ.ಯೊಳಗೆ ಮುಗಿಯುತ್ತದೆ.

“ಹಾಗಾದ್ರೆ ಎರಡೂ ಬೇಡ್ವಾ?” ಎಂದ ಬಾಮೈದ. ಮಗಳು ಇನ್ನೊಂದು ಹಾಳೆ ತೆಗೆದಳು. ಬಿಡಿ ಗೊಂಬೆಯ ಬದಲು 1,500ರ ಸೆಟ್ ಮಾರಿದರೆ? ಕೊಂಡ ಬೆಲೆ ಕಳೆದು 600 ಉಳಿಯುತ್ತದೆ. ಶುಲ್ಕ 150, ಸಾಗಣೆ 110, ಅವುಗಳ ಜಿಎಸ್‌ಟಿ 47, ಡಬ್ಬಿ 35. ಕೈಗೆ 258 ಬರುತ್ತದೆ. ಸಾಗಣೆ, ಡಬ್ಬಿಗಳ ಖರ್ಚು ಬೆಲೆಯಷ್ಟು ವೇಗವಾಗಿ ಏರುವುದಿಲ್ಲ ಎಂಬುದೇ ಇಲ್ಲಿಯ ಗುಟ್ಟು. ಹತ್ತರಲ್ಲೊಂದು ವಾಪಸಾದರೂ ಎರಡು ಸಾವಿರ ನಿಲ್ಲುತ್ತದೆ.

ತೆರಿಗೆಯ ಮಾತೂ ಬಂತು. ವಾರ್ಷಿಕ ವಹಿವಾಟು 40 ಲಕ್ಷದೊಳಗಿರುವ ಸಣ್ಣ ವ್ಯಾಪಾರಿಗಳು 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿಯಿಲ್ಲದೆಯೂ, ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು, ಆನ್‌ಲೈನ್ ವೇದಿಕೆಗಳಲ್ಲಿ ರಾಜ್ಯದೊಳಗೆ ಸರಕು ಮಾರಬಹುದು. ಆ ವೇದಿಕೆಗಳ ಮೂಲಕ ಹೊರರಾಜ್ಯಕ್ಕೆ ಕಳಿಸಲು ನೋಂದಣಿ ಬೇಕು.

ಯಜಮಾನರು ಮೈಸೂರಿನ ಮಳಿಗೆ ಬಿಟ್ಟರು. ವೇದಿಕೆಯಲ್ಲಿ ಸೆಟ್‌ಗಳನ್ನು ಮಾತ್ರ, ಅದೂ ಸದ್ಯಕ್ಕೆ ಕರ್ನಾಟಕದೊಳಗೆ ಮಾತ್ರ ಮಾರುವುದೆಂದಾಯಿತು. ಬಿಡಿ ಗೊಂಬೆ ಕೇಳುವ ಹಳೇ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಫೋಟೊ. ಹಣ ಮೊದಲೇ ಯುಪಿಐಗೆ, ಅಂಚೆ ಖರ್ಚು ಅವರದೇ. ಅಲ್ಲಿ ಕಮಿಷನ್ನೂ ಇಲ್ಲ, ಬಾಗಿಲಲ್ಲಿ ಬೇಡವೆಂದು ವಾಪಸ್ ಕಳಿಸುವ ಕಾಟವೂ ಇಲ್ಲ.

ಇದು ಎಲ್ಲರಿಗೂ ಸಲ್ಲುವ ತೀರ್ಪಲ್ಲ. ಮುಟ್ಟಿ ನೋಡಿ ಕೊಳ್ಳುವ, ದಿನವೂ ಬೇಕಾಗುವ, ಕಡಿಮೆ ಬೆಲೆಯ ಸರಕಿಗೆ ಮಳಿಗೆಯೇ ಮೇಲು. ಮಳಿಗೆ ಹಿಡಿಯುವ ಮುನ್ನ ತಿಂಗಳ ಖರ್ಚನ್ನು ನಿಮ್ಮ ಲಾಭದ ಪ್ರಮಾಣದಿಂದ ಭಾಗಿಸಿ, ಅತಿ ಮಂದ ತಿಂಗಳಲ್ಲೂ ಅಷ್ಟು ವ್ಯಾಪಾರ ಆದೀತೇ ನೋಡಿ. ಆನ್‌ಲೈನ್‌ಗೆ ಇಳಿಯುವ ಮುನ್ನ ಒಂದು ಆರ್ಡರಿನಲ್ಲಿ, ಆಮೇಲೆ ವಾಪಸಾತಿ ಸೇರಿಸಿ ಹತ್ತು ಆರ್ಡರಿನಲ್ಲಿ ಎಷ್ಟು ಉಳಿಯುತ್ತದೆಂದು ಬರೆದುಕೊಳ್ಳಿ. ಎರಡೂ ಲೆಕ್ಕ ಕೈಯಲ್ಲಿರುವ ತನಕ ಯಾವುದಕ್ಕೂ ಅಡ್ವಾನ್ಸು ಕೊಡಬೇಡಿ.