ಮುಳ್ಳು ಹಿಂದಕ್ಕೆ ಬಂದರೆ ಉಕ್ಕು ಸೋತಂತೆಯೇ?

ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಸರಳನ್ನು ಎಳೆದು ಮುರಿಯುವ ಯಂತ್ರವೊಂದಿರುತ್ತದೆ. ಎಲ್ಲರೂ ಅದನ್ನು ಯು.ಟಿ.ಎಂ. ಅನ್ನುತ್ತಾರೆ. ಹಳೆಯ ಯಂತ್ರಗಳ ಡಯಲಿನಲ್ಲಿ ಎರಡು ಮುಳ್ಳು. ಭಾರ ಹೆಚ್ಚಿದಂತೆ ಒಂದು ಮುಳ್ಳು ಇನ್ನೊಂದನ್ನು ಮುಂದೆ ತಳ್ಳಿಕೊಂಡು ಸಾಗುತ್ತದೆ. ಒಂದು ಹಂತದಲ್ಲಿ ತಳ್ಳುವ ಮುಳ್ಳು ನಿಂತು, ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ. ಇನ್ನೊಂದು ಅಲ್ಲೇ ಉಳಿದು, ಗರಿಷ್ಠ ಭಾರ ಎಷ್ಟಿತ್ತೆಂದು ತೋರಿಸುತ್ತದೆ. ಆ ಹೊತ್ತಿಗೆ ಸರಳಿನಲ್ಲಿ ಎಲ್ಲೋ ಒಂದೆಡೆ ಸಣ್ಣ ಸೊಂಟ ಮೂಡಿರುತ್ತದೆ. ಸ್ವಲ್ಪದರಲ್ಲೇ ಸರಳು ಅಲ್ಲಿಯೇ ದೊಡ್ಡ ಸದ್ದಿನೊಡನೆ ತುಂಡಾಗುತ್ತದೆ. ಮುಟ್ಟಿ ನೋಡಿದರೆ ಆ ಜಾಗ ಬೆಚ್ಚಗಿರುತ್ತದೆ.

ಮುಳ್ಳು ಹಿಂದೆ ಬಂದಾಗ ‘ಸ್ಟೀಲ್ ವೀಕ್ ಆಯ್ತು ಸಾರ್’ ಅನ್ನುವವರೇ ಹೆಚ್ಚು. ವಿದ್ಯಾರ್ಥಿಯಾಗಿದ್ದಾಗ ನಾನೂ ರೆಕಾರ್ಡಿನಲ್ಲಿ ಹಾಗೆಯೇ ಬರೆದಿದ್ದೆ. ಆದರೆ ಆ ಗಳಿಗೆಯಲ್ಲಿ ಸೊಂಟದೊಳಗಿನ ಉಕ್ಕು ಮೊದಲಿಗಿಂತ ಗಟ್ಟಿಯಾಗುತ್ತಲೇ ಇರುತ್ತದೆ.

10 ಮಿ.ಮೀ. ವ್ಯಾಸದ ಮೃದು ಉಕ್ಕಿನ ಸರಳೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರ ಅಡ್ಡಕೊಯ್ತದ ವಿಸ್ತೀರ್ಣ 78.5 ಚದರ ಮಿ.ಮೀ. ಗರಿಷ್ಠ ಭಾರ 33 ಕಿಲೋನ್ಯೂಟನ್ ಬಂತೆನ್ನಿ. ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಚದರ ಮಿ.ಮೀ.ಗೆ 420 ನ್ಯೂಟನ್. ಇದು ಎಂಜಿನಿಯರಿಂಗ್ ಸ್ಟ್ರೆಸ್. ಇಲ್ಲಿ ಭಾಗಿಸಿದ್ದು ಎಳೆಯುವ ಮೊದಲು ಅಳೆದ ವಿಸ್ತೀರ್ಣದಿಂದ ಎಂಬುದನ್ನು ಮರೆಯಬಾರದು. ಅಷ್ಟರಲ್ಲಿ ಸರಳು ಶೇ. 20ರಷ್ಟು ಉದ್ದವಾಗಿದ್ದರೆ, ಲೋಹದ ಗಾತ್ರ ಬದಲಾಗದ ಕಾರಣ ಅದು ಅಷ್ಟಕ್ಕೆ ತಕ್ಕಂತೆ ತೆಳ್ಳಗಾಗಿರಲೇಬೇಕು. ಈಗಿನ ವಿಸ್ತೀರ್ಣ 65.4. ಅದರಿಂದ ಭಾಗಿಸಿದರೆ ಸಿಗುವ ನಿಜ ಸ್ಟ್ರೆಸ್ 504. ಇಲ್ಲಿಯವರೆಗೆ ಸರಳು ಉದ್ದಕ್ಕೂ ಒಂದೇ ಸಮನಾಗಿ ಹಿಗ್ಗಿರುವುದರಿಂದ 420ನ್ನು 1.2ರಿಂದ ಗುಣಿಸಿದರೂ ಅದೇ ಉತ್ತರ.

ಮುರಿಯುವ ಕ್ಷಣದಲ್ಲಿ ಭಾರ 24 ಕಿಲೋನ್ಯೂಟನ್‌ಗೆ ಇಳಿದಿದೆ. ಹಳೆಯ ವಿಸ್ತೀರ್ಣದ ಲೆಕ್ಕದಲ್ಲಿ ಸ್ಟ್ರೆಸ್ 306. ತುಂಡುಗಳನ್ನು ಜೋಡಿಸಿ ಸೊಂಟಕ್ಕೆ ಕ್ಯಾಲಿಪರ್ ಹಿಡಿದರೆ ವ್ಯಾಸ 6.2 ಮಿ.ಮೀ., ವಿಸ್ತೀರ್ಣ ಬರೀ 30.2. ಅಲ್ಲಿ ಉಕ್ಕು ಹೊತ್ತದ್ದು ಚದರ ಮಿ.ಮೀ.ಗೆ 795 ನ್ಯೂಟನ್! ಒಂದೇ ಸರಳು, ಒಂದೇ ಕ್ಷಣ. ಒಂದು ಲೆಕ್ಕ ಇಳಿದಿದೆ, ಇನ್ನೊಂದು ಏರಿದೆ.

ಹಾಗಾದರೆ ಸೊಂಟ ಮೂಡುವುದೇಕೆ? ಎಳೆದಷ್ಟೂ ಉಕ್ಕು ಗಟ್ಟಿಯಾಗುತ್ತದೆ, ಎಳೆದಷ್ಟೂ ತೆಳ್ಳಗೂ ಆಗುತ್ತದೆ. ಮೊದಮೊದಲು ಗಟ್ಟಿಯಾಗುವುದರದ್ದೇ ಮೇಲುಗೈ. ಒಂದು ಜಾಗ ತುಸು ತೆಳ್ಳಗಾದರೂ ಅಲ್ಲಿ ಉಕ್ಕು ಹೆಚ್ಚು ಗಟ್ಟಿಯಾಗಿ, ಹಿಗ್ಗುವ ಸರದಿ ಪಕ್ಕದ ಜಾಗಕ್ಕೆ ದಾಟುತ್ತದೆ. ಹಿಗ್ಗಿದಂತೆ ಗಟ್ಟಿಯಾಗುವ ವೇಗ ಕುಗ್ಗುತ್ತದೆ. ಕೊನೆಗೆ, ಇನ್ನೂ ಶೇ. 1ರಷ್ಟು ತೆಳ್ಳಗಾದರೆ ಗಟ್ಟಿತನವೂ ಶೇ. 1ರಷ್ಟೇ ಹೆಚ್ಚುವ ಹಂತ ಬರುತ್ತದೆ. ಅದೇ ಗರಿಷ್ಠ ಭಾರದ ಹಂತ. 1885ರಲ್ಲಿ ಈ ಷರತ್ತನ್ನು ಹೇಳಿದವರು ಫ್ರಾನ್ಸಿನ ಎಂಜಿನಿಯರ್ ಕಾನ್ಸಿದೇರ್. ಅದನ್ನು ದಾಟಿದ ಮೇಲೆ ತೆಳ್ಳಗಾದ ಜಾಗಕ್ಕೆ ನಷ್ಟ ತುಂಬಿಕೊಳ್ಳಲಾಗದು. ಹಿಗ್ಗೆಲ್ಲ ಅಲ್ಲಿಗೇ ಸೇರುತ್ತದೆ. ಭಾರ ಇಳಿದ ಕಾರಣ ಉಳಿದ ಭಾಗ ಹಿಗ್ಗುವುದನ್ನೇ ನಿಲ್ಲಿಸುತ್ತದೆ.

ಗುಣಿಸುವ ಸುಲಭ ಸೂತ್ರ ಕೈಕೊಡುವುದು ಇಲ್ಲಿಯೇ. 50 ಮಿ.ಮೀ. ಅಂತರದಲ್ಲಿ ಹಾಕಿದ್ದ ಗುರುತುಗಳು ಮುರಿದ ಮೇಲೆ 66 ಮಿ.ಮೀ. ದೂರವಿದ್ದರೆ, ಹಿಗ್ಗಿದ್ದು ಶೇ. 32. 306ನ್ನು 1.32ರಿಂದ ಗುಣಿಸಿದರೆ ಬರುವುದು 404. ಗರಿಷ್ಠ ಭಾರದಲ್ಲಿದ್ದ 504ಕ್ಕಿಂತಲೂ ಕಡಿಮೆ! ಸೊಂಟದ ಭಾರೀ ಹಿಗ್ಗನ್ನು 50 ಮಿ.ಮೀ. ಉದ್ದಕ್ಕೂ ಹಂಚಿದ್ದರಿಂದ ಆದ ತಪ್ಪು ಇದು. ಸೊಂಟ ಮೂಡಿದ ಮೇಲೆ ಅದರ ವ್ಯಾಸವನ್ನೇ ಅಳೆಯದೆ ಬೇರೆ ದಾರಿಯಿಲ್ಲ. ತಗಡನ್ನು ಒತ್ತಿ ಕಾರಿನ ಬಿಡಿಭಾಗ ಮಾಡುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಇಳಿಯುವ ರೇಖೆಯನ್ನೇ ಕೊಟ್ಟರೆ, ಎಳೆದಷ್ಟೂ ಲೋಹ ಮೆತ್ತಗಾಗುತ್ತದೆಂದು ಅದು ತಿಳಿಯುತ್ತದೆ. ಆದರೆ ಈ ಸರಳು ಎಷ್ಟು ಭಾರಕ್ಕೆ ಕೈಬಿಡುತ್ತದೆ ಎಂದು ಕೇಳುವವರಿಗೆ 420ರ ಲೆಕ್ಕವೇ ಸರಿ. ಅವರು ಕೊಳ್ಳುವುದು 10 ಮಿ.ಮೀ. ಸರಳನ್ನೇ ತಾನೆ.

795 ಕೂಡ ಸೊಂಟದ ಸರಾಸರಿ ಮಾತ್ರ. ಬಾಗಿದ ಅಂಚಿನಿಂದಾಗಿ ಒಳಗಿನ ಉಕ್ಕನ್ನು ಉದ್ದಕ್ಕಷ್ಟೇ ಅಲ್ಲ, ಸುತ್ತಲಿನಿಂದಲೂ ಎಳೆದಂತಾಗುತ್ತದೆ. ಆ ಎಳೆತದಿಂದ ಸರಾಸರಿಯೂ ಉಬ್ಬುತ್ತದೆ. ಸೊಂಟದ ಬಾಗನ್ನು ಅಳೆದು ಆ ಉಬ್ಬನ್ನು ಕಳೆಯುವ ಲೆಕ್ಕವನ್ನು ಅಮೆರಿಕದ ಭೌತವಿಜ್ಞಾನಿ ಪರ್ಸಿ ಬ್ರಿಜ್‌ಮನ್ 1940ರ ದಶಕದಲ್ಲಿ ಕೊಟ್ಟರು. ನಮ್ಮ ಸರಳಿನಲ್ಲಿ 795 ಎಂಬುದು 700ರ ಆಸುಪಾಸಿಗೆ ಇಳಿಯಬಹುದು. ಆದರೂ 504ಕ್ಕಿಂತ ಬಹಳ ಮೇಲೆಯೇ. ಆ ಎಳೆತ ಅತಿ ಹೆಚ್ಚು ಇರುವುದು ನಟ್ಟನಡುವೆ, ಬಿರುಕು ಹುಟ್ಟುವುದೂ ಅಲ್ಲೇ. ತುಂಡಾದ ತುದಿಗಳನ್ನು ನೋಡಿ: ಒಂದು ಬಟ್ಟಲಿನಂತೆ, ಇನ್ನೊಂದು ಅದರೊಳಗೆ ಕೂರುವ ಮೊಟಕು ಶಂಕುವಿನಂತೆ. ಬಟ್ಟಲಿನ ತಳದ ತರಿತರಿಯಾದ ಬೂದು ಭಾಗವೇ ಮೊದಲು ಬಿಟ್ಟುಕೊಂಡ ಜಾಗ.